ಕಾಯೋ, ಹಣ್ಣೋ, ದೋರೆಗಾಯೋ

ಕೋರ್ಟು ಕಚೇರಿಯ ಕೆಲಸಕ್ಕೋ, ಮಗಳ ಸಂಬಂಧದ ಮಾತಿಗೋ ಬೆಳಗಿನ ಬಸ್ಸು ಹಿಡಿದು ಹೋದವರು ಸಂಜೆ ಮನೆಗೆ ಮರಳಿದಾಗ, ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತದೆ: "ಹೋದ ಕೆಲಸ ಕಾಯೋ, ಹಣ್ಣೋ?" ಕೇಳುವವರಿಗೆ ಬೇಕಾದದ್ದು ಎರಡರಲ್ಲಿ ಒಂದು ಉತ್ತರ. ಆಯಿತು, ಇಲ್ಲವೇ ಆಗಲಿಲ್ಲ. ನಡುವೆ ಏನೂ ಇಲ್ಲ.

ಅದೇ ಮನುಷ್ಯ ಮರುದಿನ ಸಂತೆಯಲ್ಲಿ ಮಾವಿನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತನೆಂದುಕೊಳ್ಳಿ. ಈಗ ಅವನ ಕೈಗೆ ಕಾಯಿಯೂ ಸಿಗುತ್ತದೆ, ಹಣ್ಣೂ ಸಿಗುತ್ತದೆ, ಎರಡರ ನಡುವಿನ ದೋರೆಗಾಯಿಯೂ ಸಿಗುತ್ತದೆ. ಕಾಯಿಗಿಂತ ಹಿಂದೆ ಮಿಡಿ ಇದೆ, ಹಣ್ಣಿನಿಂದ ಆಚೆಗೆ ಕಳಿತದ್ದು ಇದೆ. "ಇದಕ್ಕಿಂತ ಅದು ಹೆಚ್ಚು ಹಣ್ಣಾಗಿದೆ" ಎಂದು ಚೌಕಾಸಿ ಮಾಡಬಹುದು. ನಿನ್ನೆ ಬಾಗಿಲಲ್ಲಿ ಇಬ್ಭಾಗವಾಗಿದ್ದ ಜೋಡಿ ಇವತ್ತು ಸಂತೆಯಲ್ಲಿ ಏಣಿಯಾಗಿದೆ. ಪದಗಳು ಅವೇ, ಬದಲಾದದ್ದು ಪ್ರಶ್ನೆ.

ವಿರುದ್ಧಾರ್ಥಕ ಪದಗಳ ಬಗ್ಗೆ ಸುಮಾರು ಎಂಬತ್ತು ವರ್ಷಗಳಿಂದ ಭಾಷಾವಿಜ್ಞಾನಿಗಳು ನಡೆಸಿರುವ ಚರ್ಚೆಯನ್ನು ಓದುವಾಗಲೆಲ್ಲ ನನಗೆ ಈ ಕಾಯಿ-ಹಣ್ಣು ನೆನಪಾಗುತ್ತದೆ. ಶಾಲೆಯಲ್ಲಿ ನಮಗೆ ಕಲಿಸಿದ್ದು ಒಂದೇ ಗುರುತು, ಗುಣಾಕಾರದ ಆ ಓರೆ ಗೀಟು: ದೊಡ್ಡ × ಚಿಕ್ಕ, ಹುಟ್ಟು × ಸಾವು, ಕೊಳ್ಳು × ಮಾರು. ಎಲ್ಲಕ್ಕೂ ಒಂದೊಂದು ಅಂಕ. ಆದರೆ ಆ ಗೀಟಿನ ಹಿಂದೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಬಗೆಯ ವಿರೋಧಗಳಿವೆ. ಮೊದಲನೆಯದು ಬಿಸಿ-ತಣ್ಣಗೆಯಂಥ ಏರಿಳಿತದ ವಿರೋಧ. ಇದಕ್ಕೆ ನಮ್ಮಲ್ಲಿ ತರತಮ ಎಂಬ ಒಳ್ಳೆಯ ಮಾತಿದೆ. ಸಂಸ್ಕೃತದಲ್ಲಿ ಹೋಲಿಕೆ ತೋರಿಸುವ ಎರಡು ಪ್ರತ್ಯಯಗಳೇ ಸೇರಿ ಆದ ಪದ ಅದು. ಎರಡನೆಯದು ಬದುಕಿದ್ದಾನೆ-ಸತ್ತಿದ್ದಾನೆಯಂಥ ಇಬ್ಭಾಗದ ವಿರೋಧ. ಮೂರನೆಯದು ಕೊಳ್ಳು-ಮಾರು, ಅಣ್ಣ-ತಮ್ಮನಂಥ ಸಂಬಂಧದ ವಿರೋಧ.

ಈ ವಿಂಗಡಣೆ ಹೊಸದೇನಲ್ಲ. ಅರಿಸ್ಟಾಟಲ್ ತನ್ನ 'ಕ್ಯಾಟಗರೀಸ್' ಕೃತಿಯಲ್ಲಿ ವಿರೋಧಗಳನ್ನು ನಾಲ್ಕು ಬಗೆಯಾಗಿ ಒಡೆದಿದ್ದ. ದುಪ್ಪಟ್ಟು-ಅರ್ಧದಂಥ ಸಾಪೇಕ್ಷಗಳು, ಒಳಿತು-ಕೆಡುಕಿನಂಥ ಎದುರಾಳಿಗಳು, ದೃಷ್ಟಿ-ಕುರುಡಿನಂಥ ಇರುವಿಕೆ ಮತ್ತು ಕೊರತೆಗಳು, ಹೌದು-ಅಲ್ಲ ಎಂಬ ಹೇಳಿಕೆಗಳು. ಎದುರಾಳಿಗಳಲ್ಲಿ ಕೆಲವಕ್ಕೆ ನಡುವೆ ಜಾಗವಿದೆ, ಸಮ-ಬೆಸ ಸಂಖ್ಯೆಗಳಂಥ ಕೆಲವಕ್ಕೆ ಇಲ್ಲ ಎಂಬುದನ್ನೂ ಅವನು ಗಮನಿಸಿದ್ದ. ಆಧುನಿಕ ಚರ್ಚೆಗೆ ದಾರಿ ಹಾಕಿದ್ದು 1944ರಲ್ಲಿ ಎಡ್ವರ್ಡ್ ಸಪೀರ್ ಅವರ ಒಂದು ಪ್ರಬಂಧ. ದೊಡ್ಡ, ಚಿಕ್ಕ ಎಂಬವು ವಸ್ತುವಿನ ಗುಣಗಳಂತೆ ಕಂಡರೂ ಅವು ಹೋಲಿಕೆಗಳು, ಅಳತೆಗೋಲು ಹುಟ್ಟುವ ಮೊದಲೇ ಮನುಷ್ಯ ಈ ಏರಿಳಿತವನ್ನು ಗುರುತಿಸಿದ್ದಾನೆ ಎಂಬುದು ಅವರ ವಾದದ ತಿರುಳು. ಆಮೇಲೆ ಬ್ರಿಟನ್ನಿನ ಜಾನ್ ಲಯನ್ಸ್ 1968ರ ಪುಸ್ತಕದಲ್ಲಿ ಮೂರೂ ಬಗೆಗಳನ್ನು ಬೇರೆಬೇರೆ ಹೆಸರಿಟ್ಟು ಬಿಡಿಸಿದರು, 1977ರಲ್ಲಿ ಇನ್ನಷ್ಟು ವಿಸ್ತರಿಸಿದರು. ಡಿ. ಎ. ಕ್ರೂಸ್ 1986ರಲ್ಲಿ ಒಳಪಂಗಡಗಳನ್ನು ಹುಡುಕಿದರು. ಇವರೆಲ್ಲ ಕೆಲಸ ಮಾಡಿದ್ದು ಹೆಚ್ಚಾಗಿ ಇಂಗ್ಲಿಷಿನ ಪದಗಳ ಮೇಲೆ. ಅದೇ ಜರಡಿಯಲ್ಲಿ ಕನ್ನಡವನ್ನು ಹಾಕಿದರೆ ಕೆಲವು ಕಡೆ ಜರಡಿಯ ಕಣ್ಣೇ ಹಿಗ್ಗುತ್ತದೆ.

ಬಿಸಿಯಿಂದ ಶುರುಮಾಡೋಣ. ತರತಮ ಜೋಡಿಯನ್ನು ಗುರುತಿಸಲು ಎರಡು ಪರೀಕ್ಷೆ ಸಾಕು. ಒಂದು, "ತುಂಬಾ", "ಸ್ವಲ್ಪ", "ಅದಕ್ಕಿಂತ" ಎಂಬ ಮಾತುಗಳನ್ನು ಮುಂದೆ ಸೇರಿಸಿ ನೋಡುವುದು. ಇನ್ನೊಂದು, "ಇದೂ ಅಲ್ಲ, ಅದೂ ಅಲ್ಲ" ಎಂದು ಹೇಳಿ ನೋಡುವುದು. ನೀರು ಬಿಸಿಯೂ ಇಲ್ಲ, ತಣ್ಣಗೂ ಇಲ್ಲ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆ ನಡುವಿನ ಜಾಗಕ್ಕೆ ನಮ್ಮಲ್ಲಿ ಹೆಸರುಗಳೂ ಇವೆ: ಬೆಚ್ಚಗೆ, ಉಗುರುಬೆಚ್ಚಗೆ, ಆರಿದ್ದು. ವೈದ್ಯರು ಹೇಳುವ "ಕಾಯಿಸಿ ಆರಿಸಿದ ನೀರು" ಬಿಸಿನೀರೂ ಅಲ್ಲ, ತಣ್ಣೀರೂ ಅಲ್ಲ. ಅದರ ಹೆಸರಿನಲ್ಲೇ ಅದರ ಚರಿತ್ರೆ ಇದೆ.

ತರತಮದ ಇನ್ನೊಂದು ಲಕ್ಷಣ, ಅದರ ಗೆರೆ ಒಂದು ಕಡೆ ನಿಲ್ಲುವುದಿಲ್ಲ. ನಲವತ್ತು ಡಿಗ್ರಿ ಸೆಲ್ಸಿಯಸ್ ತೆಗೆದುಕೊಳ್ಳಿ. ಸ್ನಾನದ ಬಕೆಟ್ಟಿನಲ್ಲಿ ಅದು ಹದವಾದ ಬಿಸಿ. ಲೋಟದ ಕಾಫಿಯಲ್ಲಿ ಅದೇ ನಲವತ್ತು ಎಂದರೆ "ಆರಿಹೋಗಿದೆ, ಇನ್ನೊಂದು ಸಲ ಬಿಸಿ ಮಾಡು". ಮಗುವಿನ ಹಣೆಯಲ್ಲಾದರೆ "ಮೈ ಸುಡುತ್ತಿದೆ", ಆಸ್ಪತ್ರೆಗೆ ಓಡಬೇಕು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನದಲ್ಲಿ ಅದು ಮಾಮೂಲು. ಅಂಕಿ ಒಂದೇ, ಪದ ನಾಲ್ಕು. ಸಪೀರ್ ಹೇಳಿದ್ದು ಇದನ್ನೇ. ಬಿಸಿ ಎಂದಾಗ ನಾವು ಉಷ್ಣತೆಯನ್ನು ಹೇಳುತ್ತಿಲ್ಲ, ಆ ವಸ್ತುವಿನಿಂದ ನಾವು ನಿರೀಕ್ಷಿಸುವ ಉಷ್ಣತೆಗಿಂತ ಮೇಲಿದೆ ಎಂದು ಹೇಳುತ್ತಿದ್ದೇವೆ.

ಇಲ್ಲಿ ಕನ್ನಡ ತನ್ನದೇ ಒಂದು ತೊಡಕು ತರುತ್ತದೆ. ಬಿಸಿಯ ವಿರುದ್ಧ ಪದ ಯಾವುದು? ಮುಟ್ಟಿ ನೋಡುವ ವಸ್ತುವಿಗಾದರೆ ತಣ್ಣಗೆ. ಆದರೆ "ಹೊರಗೆ ಚಳಿ", "ನನಗೆ ಚಳಿ" ಎನ್ನುವಾಗಿನ ಚಳಿಯ ಎದುರಿಗೆ ನಿಲ್ಲುವುದು ಬಿಸಿಯಲ್ಲ, ಸೆಕೆ. ನೀರು ಚಳಿ ಎನ್ನುವಂತಿಲ್ಲ, ಅನ್ನ ಸೆಕೆ ಎನ್ನುವಂತಿಲ್ಲ. ಜಗತ್ತಿನ ಭಾಷೆಗಳ ಉಷ್ಣತೆಯ ಪದಗಳನ್ನು ಹೋಲಿಸಿ 2015ರಲ್ಲಿ ಬಂದ ಒಂದು ದೊಡ್ಡ ಸಂಪುಟವಿದೆ, ಅದರ ಸಂಪಾದಕಿ ಮರಿಯಾ ಕೋಪ್ತ್ಯೆವ್‌ಸ್ಕಯಾ-ತಮ್. ಮುಟ್ಟಿದಾಗಿನ ಉಷ್ಣತೆ, ಸುತ್ತಲಿನ ಹವೆಯ ಉಷ್ಣತೆ, ಮೈಗೆ ಅನ್ನಿಸುವ ಉಷ್ಣತೆ ಎಂದು ಅಲ್ಲಿ ಮೂರು ಭಾಗ ಮಾಡಿದ್ದಾರೆ. ಕನ್ನಡ ಮೊದಲನೆಯದಕ್ಕೆ ಒಂದು ಜೋಡಿ ಕೊಟ್ಟು, ಉಳಿದೆರಡಕ್ಕೂ ಸೆಕೆ-ಚಳಿಯನ್ನೇ ಹಂಚಿದೆ. ಅನ್ನಿಸುವಿಕೆಯಾದರೆ "ನನಗೆ" ಎಂಬ ಚತುರ್ಥಿ ವಿಭಕ್ತಿ ಮುಂದೆ ಬಂದು ಕೂರುತ್ತದೆ, ಅಷ್ಟೇ ವ್ಯತ್ಯಾಸ.

ಮೂರಕ್ಕೇ ನಿಂತರೆ ನಮ್ಮ ಅಡುಗೆಮನೆಯವರು ಒಪ್ಪುವುದಿಲ್ಲ. ಅವರಲ್ಲಿ ನಾಲ್ಕನೆಯ ಜೋಡಿ ಇದೆ: ಉಷ್ಣ ಮತ್ತು ತಂಪು. ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಮಾವಿನಹಣ್ಣು ಕೈಗೆ ತಣ್ಣಗಿದ್ದರೂ ದೇಹಕ್ಕೆ ಉಷ್ಣ. ಹಬೆಯಾಡುವ ರಾಗಿ ಅಂಬಲಿ ನಾಲಿಗೆ ಸುಟ್ಟರೂ ದೇಹಕ್ಕೆ ತಂಪು. ಒಂದೇ ಬಟ್ಟಲಲ್ಲಿ ಎರಡು ಅಳತೆಗೋಲು ಎದುರುಬದುರಾಗಿ ನಿಂತರೂ ನಮಗೆ ವಿರೋಧಾಭಾಸ ಕಾಣುವುದಿಲ್ಲ, ಏಕೆಂದರೆ ಎರಡು ಜೋಡಿಗಳು ಬೇರೆ ಎಂದು ನಾಲಿಗೆಗೆ ಗೊತ್ತು. ವಿರುದ್ಧ ಪದ ಇರುವುದು ಪದಕ್ಕಲ್ಲ, ಪದದ ಒಂದೊಂದು ಅರ್ಥಕ್ಕೆ ಎಂದು ಕೋಶಕಾರರು ಹೇಳುವುದು ಇದರಿಂದಲೇ. "ಹಸಿ" ಇನ್ನೊಂದು ಒಳ್ಳೆಯ ಉದಾಹರಣೆ. ಹಸಿ ಕಟ್ಟಿಗೆಯ ಎದುರು ಒಣ ಕಟ್ಟಿಗೆ. ಹಸಿ ತರಕಾರಿಯ ಎದುರು ಬೆಂದದ್ದು. ಹಸಿ ಶುಂಠಿಯನ್ನು ಒಣಗಿಸಿದರೆ ಪದವೇ ಹಾರಿಹೋಗಿ "ಸುಂಠಿ"ಯೋ "ಒಣಶುಂಠಿ"ಯೋ ಆಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ "ಹಸಿ ×" ಎಂದು ಬರೆದು ಖಾಲಿ ಬಿಟ್ಟವರು ಯಾವ ಹಸಿ ಎಂದು ಹೇಳುವುದಿಲ್ಲ.

ತರತಮ ಜೋಡಿಯ ಎರಡು ತುದಿಗಳೂ ಸಮಾನವಲ್ಲ ಎಂಬುದು ಲಯನ್ಸ್ ಮುಂತಾದವರು ಒತ್ತಿ ಹೇಳಿದ ಸಂಗತಿ. "ನಿಮ್ಮೂರು ಎಷ್ಟು ದೂರ?" ಎಂದು ಕೇಳಿದಾಗ ನಾವು ಊರು ದೂರವಿದೆ ಎಂದು ಒಪ್ಪಿಕೊಂಡಿಲ್ಲ. ಎರಡು ಫರ್ಲಾಂಗ್ ಇದ್ದರೂ ಪ್ರಶ್ನೆ ಸರಿಯೇ. "ಎಷ್ಟು ಹತ್ತಿರ?" ಎಂದು ಕೇಳಿದರೆ ಮಾತ್ರ ಹತ್ತಿರ ಎಂದು ಮೊದಲೇ ಯಾರೋ ಹೇಳಿರಬೇಕು. ಉದ್ದ, ಎತ್ತರ, ಆಳ, ಅಗಲ, ದಪ್ಪ ಎಲ್ಲವೂ ಹೀಗೆಯೇ ಇಡೀ ಏಣಿಗೂ ಹೆಸರು, ಅದರ ಮೇಲ್ತುದಿಗೂ ಹೆಸರು. ಕೆಳತುದಿಯ ಪದಗಳಿಗೆ ಆ ಯೋಗವಿಲ್ಲ, ಕೆಲವು ಕಡೆ ಪದವೇ ಇಲ್ಲ. ಎತ್ತರದ ಎದುರು ಮನುಷ್ಯನಾದರೆ ಕುಳ್ಳ, ನೆಲವಾದರೆ ತಗ್ಗು, ಮನೆಯ ಸೂರಾದರೆ ತಡವರಿಸಬೇಕು. ಆಳದ ಎದುರಿಗೆ ಆಡುಮಾತಿನಲ್ಲಿ ಪದವನ್ನೇ ನಾನು ಕಾಣೆ. ಹೊಳೆ ದಾಟುವವನಿಗೆ "ಇಲ್ಲಿ ಆಳ ಇಲ್ಲ, ಬಾ" ಎನ್ನುತ್ತೇವೆ, ಇಲ್ಲವೇ "ಮೊಣಕಾಲು ನೀರು" ಎಂದು ಮೈಯಿಂದಲೇ ಅಳೆದು ಹೇಳುತ್ತೇವೆ.

ಈಗ ಎರಡನೆಯ ಬಗೆ. ಬದುಕಿದ್ದಾನೆ-ಸತ್ತಿದ್ದಾನೆ. ಇಲ್ಲಿ ನಿಯಮ ಬಿಗಿ: ಒಂದನ್ನು ಅಲ್ಲಗಳೆದರೆ ಇನ್ನೊಂದು ತಾನಾಗಿಯೇ ನಿಜ. "ಸತ್ತಿಲ್ಲ" ಎಂದರೆ ಬದುಕಿದ್ದಾನೆ ಎಂದೇ ಅರ್ಥ. "ಎರಡೂ ಅಲ್ಲ" ಎನ್ನುವಂತಿಲ್ಲ. "ಅವನಿಗಿಂತ ಇವನು ಹೆಚ್ಚು ಸತ್ತಿದ್ದಾನೆ" ಎಂದರೆ ನಗೆಹನಿ. ಆದರೆ ಈ ಬಿಗಿ ನಿಯಮಕ್ಕೆ ಒಂದು ಬೇಲಿ ಇದೆ. ಕಲ್ಲು ಬದುಕಿಲ್ಲ, ಹಾಗೆಂದು ಅದು ಸತ್ತೂ ಇಲ್ಲ. ಜೀವ ಇರಬಹುದಾದವುಗಳ ಬೇಲಿಯ ಒಳಗೆ ಮಾತ್ರ ಈ ಇಬ್ಭಾಗ ನಡೆಯುತ್ತದೆ. ಜೀವಂತ-ಮೃತ ಬೇರೆ, ಸಜೀವ-ನಿರ್ಜೀವ ಬೇರೆ ಎಂದು ನಮಗೆ ಎರಡು ಜೋಡಿ ಬೇಕಾಗಿರುವುದು ಆ ಕಲ್ಲಿಗಾಗಿ. ಇದರ ಜೊತೆಗೆ "ಸಾವು" ಎಂಬ ನಾಮಪದಕ್ಕೆ ಎದುರಾಳಿಗಳೂ ಇಬ್ಬರು. ಘಟನೆಯೆಂದು ನೋಡಿದರೆ ಹುಟ್ಟು, ಸ್ಥಿತಿಯೆಂದು ನೋಡಿದರೆ ಬದುಕು. ಹುಟ್ಟುಸಾವಿನ ಲೆಕ್ಕ ಇಡುವುದು ನೋಂದಣಿ ಕಚೇರಿ. ಸಾವುಬದುಕಿನ ನಡುವೆ ಹೋರಾಡುವುದು ಆಸ್ಪತ್ರೆಯ ಹಾಸಿಗೆ.

ಆ "ನಡುವೆ" ಎಂಬ ಮಾತನ್ನು ಸ್ವಲ್ಪ ನಿಲ್ಲಿಸಿ ನೋಡಬೇಕು. ನಡುವೇ ಇಲ್ಲದ ಜೋಡಿಯ ನಡುವೆ ಹೋರಾಟ ಹೇಗೆ? ಅರೆಜೀವ, ಜೀವಚ್ಛವ, ಬದುಕಿದ್ದೂ ಸತ್ತಂತೆ ಎಂದೆಲ್ಲ ಜನ ಇಬ್ಭಾಗವನ್ನು ಮತ್ತೆ ಏಣಿ ಮಾಡಿಕೊಳ್ಳುತ್ತಾರೆ. ಹಾಗೆ ಏಣಿಯಾದರೆ ಕೆಲಸ ನಡೆಯದ ಜಾಗಗಳಲ್ಲಿ ಕಾನೂನು ಬಂದು ಗೆರೆ ಎಳೆಯುತ್ತದೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮಿದುಳುಕಾಂಡದ ಸಾವನ್ನು ಸಾವೆಂದು ಒಪ್ಪಿತು. ಹೃದಯ ಬಡಿಯುತ್ತಿರುತ್ತದೆ, ಯಂತ್ರದ ನೆರವಿನಿಂದ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಆದರೂ ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಿದರೆ ಆ ವ್ಯಕ್ತಿ ಸತ್ತಂತೆ. ಕಾಣೆಯಾದವರ ವಿಷಯದಲ್ಲಿ ಇನ್ನೂ ಹಳೆಯ ಗೆರೆಯೊಂದಿದೆ. ಏಳು ವರ್ಷ ಸುದ್ದಿಯೇ ಇಲ್ಲದವರು ಬದುಕಿದ್ದಾರೆ ಎಂದು ಸಾಧಿಸುವ ಹೊಣೆ ಹಾಗೆ ಹೇಳುವವರ ಮೇಲೆಯೇ ಬೀಳುತ್ತದೆ ಎಂದು 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಮು ಹೇಳಿತ್ತು. ಈಗಿನ ಹೊಸ ಸಾಕ್ಷ್ಯ ಅಧಿನಿಯಮವೂ ಏಳು ವರ್ಷವನ್ನೇ ಉಳಿಸಿಕೊಂಡಿದೆ. ವಿಮೆ, ಪಿಂಚಣಿ, ಆಸ್ತಿ ಹಂಚಿಕೆ ಯಾವುದಕ್ಕೂ "ಗೊತ್ತಿಲ್ಲ" ಎಂಬ ಮೂರನೆಯ ಖಾನೆ ಇಲ್ಲದ್ದರಿಂದ ಈ ಒತ್ತಾಯದ ಇಬ್ಭಾಗ.

ಖಾನೆ ತಪ್ಪಾಗಿ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಪ್ರದೇಶದ ಅಜಂಗಢ ಜಿಲ್ಲೆಯ ಲಾಲ್ ಬಿಹಾರಿ ಸಾಕ್ಷಿ. ಕಂದಾಯ ದಾಖಲೆಗಳಲ್ಲಿ ಅವರನ್ನು 1970ರ ದಶಕದಲ್ಲಿ ಸತ್ತವರೆಂದು ಬರೆಯಲಾಯಿತು. ಜಮೀನು ಕೈಬಿಟ್ಟಿತು. ಹೆಸರಿನ ಮುಂದೆ "ಮೃತಕ" ಎಂದು ತಾವೇ ಸೇರಿಸಿಕೊಂಡು, ತಮ್ಮಂಥವರ ಸಂಘ ಕಟ್ಟಿ, 1994ರಲ್ಲಿ ಮತ್ತೆ ಬದುಕಿದವರೆಂದು ಬರೆಸಿಕೊಂಡರು. ಇಲ್ಲಿ ಇಬ್ಭಾಗದ ನಿಯಮ ಮುರಿಯಿತೆಂದು ಹೇಳಲಾಗದು. ಪುಸ್ತಕದೊಳಗೆ ಅವರು ಪೂರ್ತಿ ಸತ್ತಿದ್ದರು, ಬೀದಿಯಲ್ಲಿ ಪೂರ್ತಿ ಬದುಕಿದ್ದರು, ನಡುವಿನ ಜಾಗ ಎರಡು ಕಡೆಯೂ ಇರಲಿಲ್ಲ. ಎರಡು ಬೇಲಿಗಳು ಒಂದರ ಮೇಲೊಂದು ಬಿದ್ದಿದ್ದವು. ನಮ್ಮ ಕಡೆ ಬದುಕಿದ್ದವರಿಗೇ ಘಟಶ್ರಾದ್ಧ ಮಾಡಿ ಹೊರಹಾಕುತ್ತಿದ್ದ ಪದ್ಧತಿಯಲ್ಲಿ ನಡೆದದ್ದೂ ಇದೇ. ಶಾಸ್ತ್ರದ ಪುಸ್ತಕದಲ್ಲಿ ಸಾವು, ಅಡುಗೆಮನೆಯ ಹಿಂಬಾಗಿಲಲ್ಲಿ ಹಸಿವು.

ಇಬ್ಭಾಗ ಮತ್ತು ತರತಮಗಳ ಗಡಿ ಎಲ್ಲಿ ಎಂದು ತಿಳಿಯಲು ಕನ್ನಡ ನಮ್ಮ ಕೈಗೆ ಕೊಟ್ಟಿರುವ ಅತ್ಯುತ್ತಮ ಸಲಕರಣೆ ಬೇಕು-ಬೇಡ ಎಂದು ನನ್ನ ಅಭಿಪ್ರಾಯ. ಮೇಲುನೋಟಕ್ಕೆ ಇದು ಪಕ್ಕಾ ಇಬ್ಭಾಗ. ಬಡಿಸುವವರು "ಸಾರು ಬೇಕಾ, ಬೇಡ್ವಾ?" ಎಂದಾಗ ಮೂರನೆಯ ಉತ್ತರಕ್ಕೆ ಪಂಕ್ತಿಯಲ್ಲಿ ಪುರುಸೊತ್ತಿಲ್ಲ. ಆದರೆ ಕ್ರಿಯಾಪದದ ಬೆನ್ನಿಗೆ ಸೇರಿಸಿ ನೋಡಿ. "ನೀನು ಬರಬೇಕು" ಎಂಬುದರ ಎದುರು ಯಾವುದು? "ನೀನು ಬರಬೇಡ" ಎಂಬುದೇ? ಹಾಗಾದರೆ "ನೀನು ಬರಬೇಕಿಲ್ಲ" ಎಂಬುದು ಏನು?

ಒಂದು ಸಣ್ಣ ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಸಹಕಾರ ಸಂಘವೊಂದರ ವಾರ್ಷಿಕ ಸಭೆ. ಕಾರ್ಯದರ್ಶಿ ನೋಟಿಸ್ ಫಲಕದಲ್ಲಿ "ಸದಸ್ಯರ ಮನೆಯವರು ಬರಬೇಕಿಲ್ಲ" ಎಂದು ಬರೆಸುತ್ತಾರೆ. ಅವರ ಮನಸ್ಸಿನಲ್ಲಿದ್ದದ್ದು ಊಟಕ್ಕೆ ಜನ ಹೆಚ್ಚಾಗಬಾರದು ಎಂದು. ಅಕ್ಷರಕ್ಕೆ ಅಂಟಿಕೊಂಡು ಓದುವ ಸದಸ್ಯ ಹೆಂಡತಿ ಮಕ್ಕಳ ಸಮೇತ ಬಂದು ಕೂರುತ್ತಾನೆ. "ಬರುವ ಅಗತ್ಯವಿಲ್ಲ ಎಂದಿದ್ದೀರಿ, ಬರಕೂಡದು ಎಂದಿಲ್ಲವಲ್ಲ" ಎಂಬುದು ಅವನ ವಾದ. ವ್ಯಾಕರಣ ಅವನ ಪರ. ಬರಬೇಕು ಮತ್ತು ಬರಬೇಕಿಲ್ಲ, ಇವುಗಳಲ್ಲಿ ಒಂದು ಸುಳ್ಳಾದರೆ ಇನ್ನೊಂದು ನಿಜ, ಇದು ಇಬ್ಭಾಗ. ಬರಬಹುದು ಮತ್ತು ಬರಬಾರದು ಕೂಡ ಹಾಗೆಯೇ. ಆದರೆ ಬರಬೇಕು ಮತ್ತು ಬರಬಾರದು, ಇವೆರಡೂ ಒಟ್ಟಿಗೆ ನಿಜವಾಗಲಾರವಾದರೂ ಒಟ್ಟಿಗೆ ಸುಳ್ಳಾಗಬಲ್ಲವು. ಬಂದರೂ ಸರಿ, ಬಿಟ್ಟರೂ ಸರಿ ಎನ್ನುವ ಸ್ಥಿತಿ ನಡುವೆ ಇದೆ. ಅಂದರೆ ಇವು ಬಿಸಿ-ತಣ್ಣಗೆಯ ಸಾಲಿಗೆ ಸೇರಿದವು. ತರ್ಕಶಾಸ್ತ್ರದವರು ಶತಮಾನಗಳಿಂದ ಚೌಕ ಬರೆದು ನಾಲ್ಕು ಮೂಲೆಗಳಲ್ಲಿ ತೋರಿಸುತ್ತ ಬಂದದ್ದನ್ನು ಕನ್ನಡ ಬೇಕು, ಬಾರದು, ಬಹುದು, ಬೇಕಿಲ್ಲ ಎಂಬ ನಾಲ್ಕು ಬಾಲಗಳಲ್ಲಿ ಮುಗಿಸಿಬಿಟ್ಟಿದೆ.

ಹಾಗಾದರೆ ಕಾರ್ಯದರ್ಶಿ ತಪ್ಪು ಮಾಡಿದರೇ? ಅಷ್ಟು ಸುಲಭವಾಗಿ ಹೇಳಲಾಗದು. ಆ ನೋಟಿಸನ್ನು ಓದಿದ ಬಹುಪಾಲು ಸದಸ್ಯರು ಒಬ್ಬರೇ ಬಂದಿರುತ್ತಾರೆ. ಮೃದುವಾಗಿ ನಿರಾಕರಿಸುವಾಗ ನಾವು ಇಬ್ಭಾಗದ ನಿಷೇಧವನ್ನು ಬಳಸಿ ತುದಿಯ ಅರ್ಥವನ್ನು ದಾಟಿಸುತ್ತೇವೆ. ಲಾರೆನ್ಸ್ ಹಾರ್ನ್ ನಿಷೇಧದ ಬಗ್ಗೆ 1989ರಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಈ ಜಾರುವಿಕೆಗೆ ಬಹಳ ಪುಟ ಮೀಸಲಿಟ್ಟಿದ್ದಾರೆ. "ಅವನು ಒಳ್ಳೆಯವನಲ್ಲ" ಎಂದರೆ ತರ್ಕದ ಪ್ರಕಾರ ಅವನು ನಡುವಿನವನೂ ಆಗಿರಬಹುದು, ಆದರೆ ಹೆಣ್ಣು ಕೊಡುವವರ ಕಿವಿಗೆ ಕೆಟ್ಟವನು ಎಂದೇ ಕೇಳುತ್ತದೆ. "ಅಡುಗೆ ಚೆನ್ನಾಗಿಲ್ಲ" ಎಂದರೆ ಕೆಟ್ಟಿದೆ. ತಮಾಷೆಯೆಂದರೆ ಈ ಜಾರುವಿಕೆ ಒಂದೇ ದಿಕ್ಕಿನಲ್ಲಿ. "ಅಡುಗೆ ಕೆಟ್ಟದಾಗೇನೂ ಇಲ್ಲ" ಎಂದರೆ ಚೆನ್ನಾಗಿದೆ ಎಂದಾಗುವುದಿಲ್ಲ, ನಡುವಿನಲ್ಲೇ ನಿಲ್ಲುತ್ತದೆ. ಆ ನಡುವಿಗೆ ನಮ್ಮ ನಿತ್ಯದ ಪದವೇ ಒಂದು ನಿಷೇಧ: "ಪರವಾಗಿಲ್ಲ". ಚಿಂತೆ ಎಂಬರ್ಥದ ಪಾರಸಿ ಪದಕ್ಕೆ ಇಲ್ಲ ಸೇರಿಸಿ ಮಾಡಿಕೊಂಡದ್ದು. ಹೊಸ ಸೊಸೆ ಮಾಡಿದ ಪಾಯಸಕ್ಕೆ ಅತ್ತೆ ಪರವಾಗಿಲ್ಲ ಎಂದರೆ ಅದನ್ನು ಹೇಗೆ ತಿಳಿಯಬೇಕು ಎಂಬುದಕ್ಕೆ ಮಾತ್ರ ಯಾವ ಗ್ರಂಥವೂ ಇಲ್ಲ.

ನಿಷೇಧದ ಮಾತು ಬಂದಾಗ ಶಾಲೆಯ ಇನ್ನೊಂದು ಸೂತ್ರವನ್ನೂ ನೋಡಿಬಿಡಬೇಕು: ಹಿಂದೆ "ಅ" ಸೇರಿಸಿದರೆ ವಿರುದ್ಧ ಪದ. ಸಂಸ್ಕೃತ ವೈಯಾಕರಣರು ಇಷ್ಟು ಸರಳವಾಗಿ ನಂಬಲಿಲ್ಲ. ಆ ಅಕಾರಕ್ಕೆ ಆರು ಅರ್ಥಗಳಿವೆ ಎಂದು ಪಟ್ಟಿ ಮಾಡಿದರು: ಹೋಲಿಕೆ, ಇಲ್ಲದಿರುವಿಕೆ, ಬೇರೆಯಾಗಿರುವಿಕೆ, ಅಲ್ಪತೆ, ಕೀಳಾಗಿರುವಿಕೆ, ವಿರೋಧ. ವಿರೋಧ ಆರರಲ್ಲಿ ಒಂದು ಮಾತ್ರ. ಅಧರ್ಮ ಧರ್ಮಕ್ಕೆ ವಿರೋಧಿ, ಸರಿ. ಆದರೆ ಅಮೂಲ್ಯ ಎಂಬುದು ಮೂಲ್ಯವಿಲ್ಲದ್ದಲ್ಲ, ಮೂಲ್ಯ ಕಟ್ಟಲಾಗದ್ದು. ಕ್ರಯಕ್ಕೆ ವಿರುದ್ಧ ಅಕ್ರಯವಲ್ಲ, ವಿಕ್ರಯ. ಆ "ವಿ" ಕೊಳ್ಳುವುದನ್ನು ಅಲ್ಲಗಳೆಯುವುದಿಲ್ಲ, ಅದನ್ನು ತಿರುಗಿಸಿ ನಿಲ್ಲಿಸುತ್ತದೆ. ಕೊಳ್ಳದಿರುವುದು ಬೇರೆ, ಮಾರುವುದು ಬೇರೆ.

ಮೂರನೆಯ ಬಗೆ ಶುರುವಾಗುವುದು ಅಲ್ಲಿಂದಲೇ. ರಂಗಪ್ಪ ಸಿದ್ದಪ್ಪನಿಗೆ ಎಮ್ಮೆ ಮಾರಿದ. ಸಿದ್ದಪ್ಪ ರಂಗಪ್ಪನ ಹತ್ತಿರ ಎಮ್ಮೆ ಕೊಂಡ. ಎರಡು ವಾಕ್ಯ, ನಡೆದದ್ದು ಒಂದೇ. ಬಿಸಿ ಇದ್ದಲ್ಲಿ ತಣ್ಣಗಿರಲಾರದು, ಬದುಕಿದ್ದಲ್ಲಿ ಸಾವಿರಲಾರದು, ಆದರೆ ಮಾರಾಟವಿಲ್ಲದೆ ಕೊಳ್ಳುವಿಕೆಯೇ ಇಲ್ಲ. ಇಂಥವರನ್ನು ವಿರೋಧಿಗಳೆಂದು ಕರೆಯುವುದೇ ಸರಿಯೇ ಎಂಬ ಅನುಮಾನ ನನಗೆ ಈಗಲೂ ಇದೆ. ಚಾರ್ಲ್ಸ್ ಫಿಲ್ಮೋರ್ 1970ರ ದಶಕದಲ್ಲಿ ಇದನ್ನು ಬೇರೆ ರೀತಿ ನೋಡಿದರು. ಕೊಳ್ಳುವವ, ಮಾರುವವ, ಸರಕು, ಹಣ ಎಂಬ ನಾಲ್ವರಿರುವ ಒಂದು ದೃಶ್ಯವಿದೆ. ಒಂದೊಂದು ಕ್ರಿಯಾಪದ ಆ ದೃಶ್ಯವನ್ನು ಒಂದೊಂದು ಕಡೆಯಿಂದ ತೋರಿಸುವ ಕಿಟಕಿ. ಕಿಟಕಿ ಬದಲಾದಾಗ ವಿಭಕ್ತಿಗಳು ಜಾಗ ಬದಲಿಸುತ್ತವೆ, ಜೊತೆಗೆ ಯಾರ ಮನಸ್ಸು ಕಾಣುತ್ತದೆ ಎಂಬುದೂ ಬದಲಾಗುತ್ತದೆ. "ಸಿದ್ದಪ್ಪ ಎಮ್ಮೆಯನ್ನು ಅಗ್ಗಕ್ಕೆ ಕೊಂಡ" ಎಂದರೆ ಮೀಸೆ ತಿರುವುವ ಸುದ್ದಿ. "ರಂಗಪ್ಪ ಎಮ್ಮೆಯನ್ನು ಅಗ್ಗಕ್ಕೆ ಮಾರಿದ" ಎಂದರೆ ಅವನ ಮನೆಯಲ್ಲಿ ಏನೋ ತೊಂದರೆ ಇತ್ತು. ರೂಪಾಯಿ ಅಷ್ಟೇ, ಎಮ್ಮೆ ಅದೇ.

ಕೊಡು-ಕೊಳ್ಳು ಜೋಡಿ ಕನ್ನಡದಲ್ಲಿ ಸಂತೆಯಲ್ಲೇ ನಿಲ್ಲದೆ ವ್ಯಾಕರಣದೊಳಕ್ಕೂ ನುಗ್ಗಿದೆ. ಬರೆದುಕೊಡು ಎಂದರೆ ಫಲ ಇನ್ನೊಬ್ಬರಿಗೆ, ಬರೆದುಕೊಳ್ಳು ಎಂದರೆ ಫಲ ತನಗೆ. ಹೇಳಿಕೊಟ್ಟವರು ಮೇಷ್ಟ್ರು, ಹೇಳಿಸಿಕೊಂಡವರು ಹುಡುಗರು. ಯಾವ ಕ್ರಿಯೆಗಾದರೂ ಈ ಎರಡು ಬಾಲಗಳಲ್ಲಿ ಒಂದನ್ನು ಕಟ್ಟಿ ದಿಕ್ಕು ತೋರಿಸಬಹುದು. ಬಾಡಿಗೆಯನ್ನೇ ನೋಡಿ. ಇಂಗ್ಲಿಷಿನ ಒಂದೇ ಕ್ರಿಯಾಪದ ಮನೆ ಕೊಟ್ಟವರಿಗೂ ಪಡೆದವರಿಗೂ ಸಲ್ಲುತ್ತದೆ. ನಾವು ಬಾಡಿಗೆಗೆ ಕೊಟ್ಟೆ, ಬಾಡಿಗೆಗೆ ತಗೊಂಡೆ ಎಂದು ದಿಕ್ಕನ್ನು ಹೇಳದೆ ಮುಂದೆ ಹೋಗಲಾರೆವು. ನೋಂದಣಿ ಕಚೇರಿಯ ಭಾಷೆಯಲ್ಲಿ "ಕ್ರಯಕ್ಕೆ ಕೊಟ್ಟರು" ಎಂದು ಬರೆಯುತ್ತಾರೆ. ಕ್ರಯ ಎಂದರೆ ಕೊಳ್ಳುವಿಕೆ, ಇಡೀ ಮಾತಿನ ಅರ್ಥ ಮಾರಿದರು ಎಂದು. ಮಾರಾಟದ ದಸ್ತಾವೇಜಿಗೆ ನಮ್ಮಲ್ಲಿ ಹೆಸರು ಕ್ರಯಪತ್ರ. ಕೊಂಡವನ ಪೆಟ್ಟಿಗೆಯಲ್ಲಿ ಉಳಿಯುವ ಕಾಗದಕ್ಕೆ ಕೊಂಡವನ ಕಡೆಯಿಂದಲೇ ಹೆಸರಿಟ್ಟಿದ್ದಾರೆ.

ಸಂಬಂಧದ ಜೋಡಿಗಳ ದೊಡ್ಡ ಗೋದಾಮು ನೆಂಟಸ್ತಿಕೆ. ಗಂಡನ ಎದುರು ಹೆಂಡತಿ, ಇದು ಸಲೀಸು. ಅಣ್ಣನ ಎದುರು ಯಾರು? ನಾನು ನಿಮಗೆ ಅಣ್ಣನಾದರೆ ನೀವು ನನಗೆ ತಮ್ಮನೂ ಆಗಬಹುದು, ತಂಗಿಯೂ ಆಗಬಹುದು. ತಿರುಗಿಸಿದ ಪದ ಯಾವುದೆಂದು ಹೇಳಲು ನಿಮ್ಮ ಲಿಂಗ ಗೊತ್ತಿರಬೇಕು. "ಅಣ್ಣ × ತಮ್ಮ" ಎಂದು ಬರೆದ ಹುಡುಗ ವಯಸ್ಸನ್ನು ತಿರುಗಿಸಿದ, "ಅಣ್ಣ × ಅಕ್ಕ" ಎಂದು ಬರೆದವಳು ಲಿಂಗವನ್ನು ತಿರುಗಿಸಿದಳು, ತಂಗಿ ಎಂದವನು ಎರಡನ್ನೂ. ಮೂವರಲ್ಲಿ ಯಾರಿಗೂ ಅಂಕ ಕಳೆಯುವ ಹಕ್ಕು ಮೇಷ್ಟ್ರಿಗೆ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ ತಿರುಗಿಸಿದರೂ ಬದಲಾಗದ ಪದಗಳಿವೆ. ಬೀಗರಿಗೆ ಬೀಗರೇ ಎದುರು, ಓರಗಿತ್ತಿಗೆ ಓರಗಿತ್ತಿ, ಷಡ್ಡಕನಿಗೆ ಷಡ್ಡಕ. ಇಬ್ಬರ ನಡುವೆ ಎಷ್ಟೇ ವಿರೋಧವಿದ್ದರೂ ಪದಕ್ಕೆ ವಿರೋಧವಿಲ್ಲ.

ಮೂರು ಬಗೆಗಳೂ ಬೇರೆ ಎಂದು ಹೇಳಿದ ಮೇಲೆ ಅವು ಸೇರುವ ಜಾಗವನ್ನೂ ಹೇಳಬೇಕು. "ಬಿಸಿ" ತರತಮದ ಪದ, ಆದರೆ "ಇದು ಅದಕ್ಕಿಂತ ಬಿಸಿ" ಎಂದ ಕೂಡಲೇ "ಅದು ಇದಕ್ಕಿಂತ ತಣ್ಣಗೆ" ಎಂಬುದೂ ನಿಜವಾಗುತ್ತದೆ, ಥೇಟ್ ಕೊಳ್ಳು-ಮಾರಿನ ಹಾಗೆ. ಹೋಲಿಕೆ ಮಾಡಿದ ಗಳಿಗೆಯಲ್ಲಿ ತರತಮದ ಜೋಡಿ ಸಂಬಂಧದ ಜೋಡಿಯಾಗುತ್ತದೆ ಎಂದು ಲಯನ್ಸ್ ತೋರಿಸಿದ್ದರು. ಜೋಡಿಪದ ಮಾಡಿದಾಗ ಇನ್ನೊಂದು ಬದಲಾವಣೆ. ಹೆಚ್ಚು ಮತ್ತು ಕಡಿಮೆ ಎರಡು ತುದಿಗಳು, ಕೂಡಿಸಿದರೆ "ಹೆಚ್ಚುಕಡಿಮೆ" ಎಂದರೆ ಸುಮಾರು ಎಂದಾಗುತ್ತದೆ. ಅದಕ್ಕೆ "ಆದರೆ" ಸೇರಿಸಿ, "ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ" ಎನ್ನಿ, ಅದು ಅಪಾಯದ ಹೆಸರು.

ಹೀಗೆ ಕೂಡಿಕೊಂಡವುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಪದ. ಸಾಲದ ವ್ಯವಹಾರದಲ್ಲಿ ಇಬ್ಬರಿರುತ್ತಾರೆ. ಸಂಸ್ಕೃತ ಇಬ್ಬರಿಗೂ ಬೇರೆ ಹೆಸರಿಟ್ಟಿದೆ, ಕೊಟ್ಟವನು ಉತ್ತಮರ್ಣ, ಪಡೆದವನು ಅಧಮರ್ಣ. ಸಾಲ ಕೊಟ್ಟವನ ಹೆಸರಿ‌ಗೆ ಯಾವ ವಿಭಕ್ತಿ ಹತ್ತಬೇಕೆಂದು ಪಾಣಿನಿ ಒಂದು ಸೂತ್ರವನ್ನೇ ಬರೆದಿದ್ದಾನೆ. ಕನ್ನಡದ ಆಡುಮಾತು ಇಬ್ಬರನ್ನೂ ಒಂದೇ ಪದದಲ್ಲಿ ಕೂರಿಸಿದೆ. "ಬೆಳೆ ಕೈಕೊಟ್ಟು ರೈತ ಸಾಲಗಾರನಾದ" ಎಂಬಲ್ಲಿ ಸಾಲಗಾರ ಪಡೆದವನು. "ಸಾಲಗಾರರ ಕಾಟ ತಾಳಲಾರದೆ ಊರು ಬಿಟ್ಟ" ಎಂಬಲ್ಲಿ ಸಾಲಗಾರ ಕೊಟ್ಟವನು. ಎರಡೂ ವಾಕ್ಯ ಒಂದೇ ದಿನದ ಪತ್ರಿಕೆಯಲ್ಲಿ, ಕೆಲವೊಮ್ಮೆ ಒಂದೇ ಸುದ್ದಿಯಲ್ಲಿ ಬರುತ್ತವೆ. ಯಾವ ಓದುಗನೂ ಗೊಂದಲಗೊಂಡದ್ದನ್ನು ನಾನು ಕಂಡಿಲ್ಲ. ಕಾಟ ಕೊಡುವವನು ಯಾರು, ತಿನ್ನುವವನು ಯಾರು ಎಂಬುದನ್ನು ಪದ ಹೇಳದಿದ್ದರೂ ಊರಿಗೆ ಗೊತ್ತಿರುತ್ತದೆ.